ಆಸೆಗಳ ಪಟ್ಟಿಯಾಗಿ ಬಂದ ಕ್ರಿಯೇಟಿವ್ ಬ್ರೀಫನ್ನು ತಿದ್ದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೀಫ್ ಒಂದು ಬರಿಯ ಆಸೆಗಳ ಪಟ್ಟಿ ಎಂದು ಗುರುತಿಸುವುದು ಹೇಗೆ?

ಕ್ರಿಯೇಟಿವ್ ಬ್ರೀಫ್ ಎಂದರೆ ಜಾಹೀರಾತು ಯಾರಿಗೆ, ಏನು ಹೇಳಬೇಕು ಎಂದು ಅದನ್ನು ರೂಪಿಸುವ ತಂಡಕ್ಕೆ ತಿಳಿಸುವ ಬರಹ. ಅದು ಆಸೆಗಳ ಪಟ್ಟಿಯಾಗಿದೆಯೇ ಎಂದು ತಿಳಿಯಲು ವಾಕ್ಯಗಳ ಕೊನೆಯನ್ನು ನೋಡಿದರೆ ಸಾಕು. ಬಹುತೇಕ ವಾಕ್ಯಗಳು ‘ಬೇಕು’, ‘ಇರಬೇಕು’, ‘ಆಗಬೇಕು’ ಎಂದು ಮುಗಿಯುತ್ತವೆ. ಜಾಹೀರಾತನ್ನು ಯಾರು ನೋಡುತ್ತಾರೆ, ನೋಡಿದವರು ಏನು ಮಾಡಬೇಕು, ಯಾವುದನ್ನು ಹೇಳುವಂತಿಲ್ಲ ಎಂಬುದನ್ನು ತಿಳಿಸುವ ವಾಕ್ಯ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಉದಾಹರಣೆಗಾಗಿ ಒಂದು ಬ್ರೀಫನ್ನು ಕಟ್ಟಿಕೊಳ್ಳೋಣ. ಇದು ಶ್ರವಣ ಸಾಧನ ತಯಾರಿಸುವ ಒಂದು ಕಲ್ಪಿತ ಕಂಪನಿಯಿಂದ ಏಜೆನ್ಸಿಗೆ ಬಂದದ್ದು ಎಂದಿಟ್ಟುಕೊಳ್ಳಿ.

“ನಮ್ಮ ಹೊಸ ಶ್ರವಣ ಸಾಧನಕ್ಕೆ ದೊಡ್ಡ ಮಟ್ಟದ ಪ್ರಚಾರ ಬೇಕು. ಬ್ರ್ಯಾಂಡ್ ಮನೆಮಾತಾಗಬೇಕು. ಎಲ್ಲ ವಯಸ್ಸಿನವರನ್ನೂ ತಲುಪಬೇಕು. ಯುವಜನರು ತಾವಾಗಿ ಹಂಚಿಕೊಳ್ಳುವಂತಿರಬೇಕು. ಸಾಧನ ಚಿಕ್ಕದು, ರೀಚಾರ್ಜ್ ಆಗುತ್ತದೆ, ಫೋನಿಗೆ ಜೋಡಿಸಬಹುದು, ಗದ್ದಲದಲ್ಲೂ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಇವೆಲ್ಲವೂ ಬರಬೇಕು. ನೋಟ ಪ್ರೀಮಿಯಂ ಆಗಿರಬೇಕು, ಆದರೆ ಜನಸಾಮಾನ್ಯರಿಗೂ ಹತ್ತಿರವಾಗಿರಬೇಕು. ಭಾವುಕವಾಗಿರಬೇಕು, ಸ್ವಲ್ಪ ತಮಾಷೆಯೂ ಇರಬೇಕು. ನಮ್ಮ ಕೇಂದ್ರಗಳಿಗೆ ಜನ ಬರಬೇಕು. ಆದಷ್ಟು ಬೇಗ ಬೇಕು.”

ಇದರಲ್ಲಿ ಸುಳ್ಳಿಲ್ಲ, ದುರುದ್ದೇಶವೂ ಇಲ್ಲ. ಬರೆದವರು ಕಂಪನಿಯ ಬೇರೆ ಬೇರೆ ವಿಭಾಗಗಳವರು ಸಭೆಯಲ್ಲಿ ಹೇಳಿದ್ದನ್ನೆಲ್ಲ ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಆದರೆ ಆ ಮಾತುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನು ಯಾರೂ ತೆಗೆದುಕೊಂಡಿಲ್ಲ. ಬ್ರೀಫನ್ನು ತಿದ್ದುವುದೆಂದರೆ ಆ ತೀರ್ಮಾನವನ್ನು ಸಂಬಂಧಪಟ್ಟವರಿಂದ ಹೊರಡಿಸುವುದು. ಭಾಷೆಯನ್ನು ನಯಗೊಳಿಸುವುದು ಅದರಲ್ಲಿ ತೀರ ಚಿಕ್ಕ ಭಾಗ.

ಇದನ್ನು ಇದ್ದಂತೆಯೇ ಕ್ರಿಯೇಟಿವ್ ತಂಡಕ್ಕೆ ಕೊಟ್ಟರೆ ಏನಾಗುತ್ತದೆ?

ಆಗಬೇಕಿದ್ದ ಆಯ್ಕೆ ತಪ್ಪುವುದಿಲ್ಲ. ಅದು ತಪ್ಪು ಜಾಗಕ್ಕೆ, ತಡವಾದ ಹೊತ್ತಿಗೆ ಸರಿಯುತ್ತದೆ. ಕಾಪಿರೈಟರ್ ಮತ್ತು ಆರ್ಟ್ ಡೈರೆಕ್ಟರ್ ತಮಗೆ ಹೊಳೆದ ಒಬ್ಬ ನೋಡುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಾರೆ. ಒಂದು ಜೋಡಿ ಫೋನಿಗೆ ಜೋಡಿಸುವ ಸೌಲಭ್ಯವನ್ನು ಹಿಡಿದು ಯುವಜನರಿಗೆ ಬರೆದರೆ, ಇನ್ನೊಂದು ಜೋಡಿ ವೃದ್ಧ ದಂಪತಿಯ ಕಥೆ ಬರೆಯುತ್ತದೆ. ಪ್ರೆಸೆಂಟೇಶನ್ ದಿನ ಕ್ಲೈಂಟ್ ಎರಡನ್ನೂ ನೋಡಿ “ಚೆನ್ನಾಗಿದೆ, ಆದರೆ ನಾವು ಕೇಳಿದ್ದು ಇದಲ್ಲ” ಎನ್ನುತ್ತಾರೆ. ಅವರ ಮಾತು ನಿಜವೇ. ಆದರೆ ಕೇಳಿದ್ದು ಏನು ಎಂಬುದು ಅವರಿಗೂ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಅಲ್ಲಿಂದಾಚೆಗೆ ಪ್ರತಿ ಸುತ್ತಿನ ತಿದ್ದುಪಡಿಯಲ್ಲೂ ಒಂದೊಂದು ಆಸೆ ಮರಳಿ ಬಂದು ಸ್ಕ್ರಿಪ್ಟಿನೊಳಗೆ ಸೇರುತ್ತದೆ. ಕೊನೆಗೆ ಎಲ್ಲವನ್ನೂ ಹೇಳುವ, ಏನೂ ನೆನಪಿನಲ್ಲಿ ಉಳಿಯದ ಜಾಹೀರಾತು ಸಿದ್ಧವಾಗುತ್ತದೆ.

ಇಂಥ ಬ್ರೀಫಿನ ಲಕ್ಷಣ ಕೆಲಸದಲ್ಲಿ ಹೀಗೆ ಕಾಣಿಸುತ್ತದೆ: ಮೊದಲ ಸುತ್ತಿನ ಐಡಿಯಾಗಳು ಒಂದಕ್ಕೊಂದು ಸಂಬಂಧವಿಲ್ಲದಷ್ಟು ದೂರ ದೂರ ಇರುತ್ತವೆ. ಒಳ್ಳೆಯ ಬ್ರೀಫಿನಿಂದ ಹುಟ್ಟಿದ ಐಡಿಯಾಗಳು ಹೇಳುವ ರೀತಿಯಲ್ಲಿ ಬೇರೆಯಾಗಿದ್ದರೂ ಹೇಳುವ ವಿಷಯದಲ್ಲಿ ಒಂದಾಗಿರುತ್ತವೆ.

ತಿದ್ದುವ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಹೊಸದಾಗಿ ಏನನ್ನೂ ಬರೆಯದೆ, ಇರುವ ವಾಕ್ಯಗಳನ್ನು ಬಿಡಿಸಿ ಪ್ರತಿಯೊಂದರ ಪಕ್ಕದಲ್ಲಿ ಅದು ಯಾವ ಜಾತಿಯದು ಎಂದು ಗುರುತು ಹಾಕುವುದರಿಂದ ಆರಂಭಿಸಬೇಕು. ಮೇಲಿನ ಬ್ರೀಫಿನಲ್ಲಿ ‘ಮನೆಮಾತಾಗಬೇಕು’ ಎಂಬುದು ಕಂಪನಿಯ ಹಂಬಲ. ಒಂದು ಕ್ಯಾಂಪೇನ್ ಅದನ್ನು ಸಾಧಿಸಿತೋ ಇಲ್ಲವೋ ಎಂದು ಅಳೆಯುವುದಕ್ಕೆ ಬರುವುದಿಲ್ಲ. ‘ಚಿಕ್ಕದು, ರೀಚಾರ್ಜ್ ಆಗುತ್ತದೆ’ ಎಂಬವು ಉತ್ಪನ್ನದ ಗುಣಗಳು. ‘ಪ್ರೀಮಿಯಂ’, ‘ಭಾವುಕ’, ‘ತಮಾಷೆ’ ಎಂಬವು ಧಾಟಿಗೆ ಸೇರಿದವು. ‘ಯುವಜನರು ಹಂಚಿಕೊಳ್ಳಬೇಕು’ ಎಂಬುದು ಮಾಧ್ಯಮದ ಬಗೆಗಿನ ನಿರೀಕ್ಷೆ, ಬಹುಶಃ ಯಾರೋ ನೋಡಿದ ಇನ್ನೊಂದು ಜಾಹೀರಾತಿನ ನೆನಪು. ‘ಆದಷ್ಟು ಬೇಗ’ ಎಂಬುದು ಮಿತಿಯಂತೆ ಕಾಣುತ್ತದೆ, ಆದರೆ ತಾರೀಕಿಲ್ಲದಿರುವುದರಿಂದ ಮಿತಿಯಲ್ಲ.

ಹೀಗೆ ಬಿಡಿಸಿದ ಮೇಲೆ ಉಳಿಯುವುದು ಒಂದೇ ವಾಕ್ಯ: “ನಮ್ಮ ಕೇಂದ್ರಗಳಿಗೆ ಜನ ಬರಬೇಕು.” ಯುವಜನರು ಹಂಚಿಕೊಳ್ಳುವ ಮಾತನ್ನು ಬಿಟ್ಟರೆ, ಇಡೀ ಬ್ರೀಫಿನಲ್ಲಿ ಮನುಷ್ಯರೊಬ್ಬರು ಮಾಡುವ ಕ್ರಿಯೆಯನ್ನು ಹೇಳುವ ವಾಕ್ಯ ಇದೊಂದೇ. ಬ್ರೀಫಿನ ತುದಿಯಲ್ಲಿ, ಗಡುವಿಗೆ ಮುಂಚೆ, ಯಾರ ಗಮನಕ್ಕೂ ಬಾರದಂತೆ ಅದು ಕುಳಿತಿದೆ. ಆಸೆಗಳ ಪಟ್ಟಿಯಾಗಿ ಬಂದ ಬ್ರೀಫುಗಳಲ್ಲಿ ಉಪಯುಕ್ತ ವಾಕ್ಯ ಹೆಚ್ಚಾಗಿ ಕೊನೆಯ ಭಾಗದಲ್ಲೇ ಇರುತ್ತದೆ ಎಂಬುದು ನನ್ನ ಅನುಭವ. ಅದನ್ನು ಮೇಲಕ್ಕೆ ತಂದು, ಉಳಿದ ಪ್ರಶ್ನೆಗಳನ್ನು ಅದರ ಸುತ್ತ ಕೇಳಬೇಕು.

ಕ್ಲೈಂಟನ್ನು ಏನೆಂದು ಕೇಳಬೇಕು? “ನಿಮ್ಮ ಟಾರ್ಗೆಟ್ ಆಡಿಯೆನ್ಸ್ ಯಾರು?” ಎಂದರೆ “ಎಲ್ಲರೂ” ಎಂಬ ಉತ್ತರವೇ ಬರುತ್ತದೆ.

ಆ ಪ್ರಶ್ನೆಗೆ ಬೇರೆ ಉತ್ತರ ಬರುವುದು ಕಷ್ಟ. ಯಾವ ಮಾರಾಟಗಾರನಿಗೂ ಒಬ್ಬ ಗ್ರಾಹಕನನ್ನು ಬಿಟ್ಟುಕೊಡುತ್ತೇನೆ ಎಂದು ಬರೆದುಕೊಡುವ ಮನಸ್ಸಿರುವುದಿಲ್ಲ. ಆದ್ದರಿಂದ ಅಭಿಪ್ರಾಯವನ್ನು ಕೇಳದೆ ನಡೆದದ್ದನ್ನು ಕೇಳಬೇಕು. “ಕಳೆದ ವಾರ ನಿಮ್ಮ ಕೇಂದ್ರಗಳಿಗೆ ಶ್ರವಣ ಪರೀಕ್ಷೆಗೆ ಬಂದವರು ಯಾರು? ಒಬ್ಬರೇ ಬಂದರೋ, ಯಾರಾದರೂ ಕರೆತಂದರೋ? ಬಂದವರು ಮೊದಲು ಹೇಳಿದ ಮಾತು ಏನು? ಪರೀಕ್ಷೆ ಮಾಡಿಸಿಕೊಂಡೂ ಸಾಧನ ತೆಗೆದುಕೊಳ್ಳದೆ ಹೋದವರು ಏನು ಕಾರಣ ಕೊಟ್ಟರು?” ಎಂಬ ಪ್ರಶ್ನೆಗಳಿಗೆ ‘ಎಲ್ಲರೂ’ ಎಂದು ಉತ್ತರಿಸಲು ಬರುವುದಿಲ್ಲ. ಈ ಪ್ರಶ್ನೆಗಳನ್ನು ಮಾರ್ಕೆಟಿಂಗ್ ಮುಖ್ಯಸ್ಥರ ಜೊತೆಗೆ, ಕೇಂದ್ರದಲ್ಲಿ ಕುಳಿತು ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಮತ್ತು ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಸಿಬ್ಬಂದಿಗೂ ಕೇಳಬೇಕು. ಬ್ರೀಫಿಗೆ ಬೇಕಾದ ನಿಜವಾದ ಮಾಹಿತಿ ಇರುವುದು ಅವರ ಬಳಿಯೇ.

ನಮ್ಮ ಉದಾಹರಣೆಯಲ್ಲಿ ಇಂಥ ಉತ್ತರ ಬಂತೆಂದು ಭಾವಿಸೋಣ: ಬರುವವರಲ್ಲಿ ಹೆಚ್ಚಿನವರು 60 ದಾಟಿದವರು, ಅವರಲ್ಲಿ ಬಹಳ ಜನರನ್ನು ಮಗಳೋ ಮಗನೋ ಸಂಗಾತಿಯೋ ಕರೆತಂದಿರುತ್ತಾರೆ, ಬಂದವರು “ನನಗೆ ಕಿವಿ ಕೇಳಿಸುತ್ತದೆ, ಇವರೇ ಸರಿಯಾಗಿ ಮಾತಾಡುವುದಿಲ್ಲ” ಎನ್ನುತ್ತಾರೆ. ಈ ಮೂರು ಸಂಗತಿಗಳಲ್ಲಿ ಬ್ರೀಫಿನ ಅರ್ಧ ಉತ್ತರವಿದೆ.

ಹಾಗಾದರೆ ಉದ್ದೇಶಿತ ಗ್ರಾಹಕರು 60 ದಾಟಿದವರು ಎಂದು ಬರೆದರೆ ಆಯಿತಲ್ಲವೇ?

ಆಗುವುದಿಲ್ಲ. ಈ ಇಡೀ ಬ್ರೀಫಿನಲ್ಲಿ ಅತ್ಯಂತ ಎಚ್ಚರದಿಂದ ತೆಗೆದುಕೊಳ್ಳಬೇಕಾದ ತೀರ್ಮಾನವೇ ಇದು. ಸಾಧನವನ್ನು ಧರಿಸುವವರು ಮತ್ತು ಜಾಹೀರಾತನ್ನು ನೋಡಿ ಹೆಜ್ಜೆ ಇಡುವವರು ಒಬ್ಬರೇ ಆಗಿರಬೇಕೆಂದಿಲ್ಲ. ವಯಸ್ಸಿನ ಜೊತೆ ಬರುವ ಶ್ರವಣದೋಷ ನಿಧಾನವಾಗಿ ಬರುತ್ತದೆ. ಹಾಗಾಗಿ ಅದು ಬಂದದ್ದು ಸ್ವತಃ ಅನುಭವಿಸುವವರಿಗಿಂತ ಮೊದಲು ಮನೆಯವರಿಗೆ ತಿಳಿಯುವುದು ಸಾಮಾನ್ಯ. ಟಿವಿಯ ಸದ್ದು ಏರುತ್ತಿರುವುದು, ಫೋನಿನಲ್ಲಿ ಮಾತು ಮೊಟಕಾಗುತ್ತಿರುವುದು, ನಾಲ್ಕು ಜನ ಸೇರಿದ ಕಡೆ ಅವರು ಸುಮ್ಮನೆ ಕುಳಿತುಬಿಡುವುದು ಇವೆಲ್ಲ ಪಕ್ಕದಲ್ಲಿರುವವರ ಕಣ್ಣಿಗೆ ಬೀಳುತ್ತವೆ.

ಈಗ ಎರಡು ದಾರಿಗಳಿವೆ. ಒಂದು, ತಮಗೆ ತೊಂದರೆಯಿದೆ ಎಂದು ಇನ್ನೂ ಒಪ್ಪಿಕೊಳ್ಳದ ಹಿರಿಯರೊಂದಿಗೆ ನೇರವಾಗಿ ಮಾತನಾಡುವುದು. ಇನ್ನೊಂದು, ಅವರ ಜೊತೆಯಲ್ಲಿದ್ದು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿ ದಣಿದು, ಇದನ್ನು ಅವರ ಅಸಡ್ಡೆ ಎಂದೋ ಮರೆವು ಎಂದೋ ತಿಳಿದುಕೊಂಡಿರುವ ಮಕ್ಕಳು ಅಥವಾ ಸಂಗಾತಿಯೊಂದಿಗೆ ಮಾತನಾಡುವುದು. ಮೊದಲನೆಯವರಿಗೆ ಬರೆಯುವ ಜಾಹೀರಾತು ಅಭಿಮಾನವನ್ನು ಕಾಪಾಡಬೇಕು. ಎರಡನೆಯವರಿಗೆ ಬರೆಯುವುದು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಒಂದೇ ಚಿತ್ರದಲ್ಲಿ ಎರಡನ್ನೂ ಮಾಡಹೊರಟರೆ ಹಿರಿಯರಿಗೆ ತಮ್ಮ ಬೆನ್ನ ಹಿಂದೆ ಮಾತನಾಡಿದಂತೆ ಅನ್ನಿಸುತ್ತದೆ, ಮಕ್ಕಳಿಗೆ ಇದು ತಮಗೆ ಹೇಳಿದ್ದಲ್ಲ ಅನ್ನಿಸುತ್ತದೆ.

ಕೇಂದ್ರದ ಸಿಬ್ಬಂದಿ ಕೊಟ್ಟ ಮಾಹಿತಿ ಎರಡನೆಯ ದಾರಿಯನ್ನು ಬೆಂಬಲಿಸುತ್ತದೆ. ಆದ್ದರಿಂದ ತಿದ್ದಿದ ಬ್ರೀಫಿನಲ್ಲಿ ಹೀಗೆ ಬರೆಯಬಹುದು: “60 ದಾಟಿದ ತಂದೆ, ತಾಯಿ ಅಥವಾ ಸಂಗಾತಿಯೊಂದಿಗೆ ದಿನವೂ ಮಾತನಾಡುವವರು, ಹೇಳಿದ್ದನ್ನು ಪುನಃ ಹೇಳಬೇಕಾಗುತ್ತಿದೆ ಎಂದು ಗಮನಿಸಿದ್ದಾರೆ, ಆದರೆ ಅದಕ್ಕೆ ಕಾರಣ ಕಿವಿ ಇರಬಹುದೆಂದು ಯೋಚಿಸಿಲ್ಲ.” ಈ ವಾಕ್ಯದಲ್ಲಿ ಜಾಹೀರಾತು ನೋಡುವವರ ವಯಸ್ಸಿಲ್ಲ, ಆದಾಯವಿಲ್ಲ, ನಗರ ಅಥವಾ ಹಳ್ಳಿ ಎಂಬ ವಿಂಗಡಣೆಯಿಲ್ಲ. ಅವು ಜಾಹೀರಾತು ಎಲ್ಲಿ, ಯಾವಾಗ ಬರಬೇಕೆಂದು ಹೇಳುವ ಮೀಡಿಯಾ ಪ್ಲಾನಿನಲ್ಲಿ ಬೇಕಾಗುತ್ತವೆ, ಅಲ್ಲಿಯೇ ಇರಲಿ. ಬರೆಯುವವರಿಗೆ ಬೇಕಾದದ್ದು ಆ ವ್ಯಕ್ತಿ ಈಗ ಏನೆಂದುಕೊಂಡಿದ್ದಾರೆ ಎಂಬುದು.

ಒಂದೇ ಸಂದೇಶವನ್ನು ಬರೆಯುವುದು ಹೇಗೆ? ಹೇಳಬೇಕಾದದ್ದು ಬಹಳವಿದೆಯಲ್ಲ?

ಗ್ರಾಹಕರು ಈಗ ಏನೆಂದುಕೊಂಡಿದ್ದಾರೆ ಎಂಬುದು ಖಚಿತವಾಗಿದ್ದರೆ, ಸಂದೇಶವೆಂದರೆ ಅದನ್ನು ಬದಲಾಯಿಸಬಲ್ಲ ಒಂದು ಮಾತು. ಉತ್ಪನ್ನದ ಗುಣಗಳ ಪಟ್ಟಿಯಿಂದ ಆರಂಭಿಸಿದರೆ ಒಂದಕ್ಕೆ ಇಳಿಸುವುದು ಹಿಂಸೆಯ ಕೆಲಸವಾಗುತ್ತದೆ, ಏಕೆಂದರೆ ಪ್ರತಿ ಗುಣದ ಹಿಂದೆಯೂ ಅದನ್ನು ತಯಾರಿಸಿದ ಒಂದು ತಂಡವಿರುತ್ತದೆ. ನೋಡುಗರ ತಪ್ಪು ತಿಳಿವಳಿಕೆಯಿಂದ ಆರಂಭಿಸಿದರೆ ಹೆಚ್ಚಿನ ಗುಣಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ಮೂರು ಕರಡುಗಳನ್ನು ನೋಡೋಣ. ಮೊದಲನೆಯದು: “ಅತ್ಯಾಧುನಿಕ ತಂತ್ರಜ್ಞಾನದ ನಮ್ಮ ಸಾಧನದಿಂದ ಕೇಳುವ ಸಂತೋಷವನ್ನು ಮರಳಿ ಪಡೆಯಿರಿ.” ಇದರಲ್ಲಿ ಕಂಪನಿಯ ಹೆಸರನ್ನು ತೆಗೆದು ಯಾವ ಪ್ರತಿಸ್ಪರ್ಧಿಯ ಹೆಸರನ್ನು ಹಾಕಿದರೂ ಮಾತು ಹಾಗೆಯೇ ನಿಲ್ಲುತ್ತದೆ. ಜೊತೆಗೆ ಇದು ಹೇಳುತ್ತಿರುವುದು ಸಾಧನ ಧರಿಸುವವರಿಗೆ. ನಾವು ಆರಿಸಿದ್ದು ಅವರನ್ನಲ್ಲ.

ಎರಡನೆಯದು: “ನಿಮ್ಮ ಹಿರಿಯರ ಶ್ರವಣದೋಷವನ್ನು ಬೇಗ ಗುರುತಿಸಿ ಮತ್ತು ಚಿಕ್ಕದಾದ, ರೀಚಾರ್ಜ್ ಆಗುವ ಸಾಧನದಿಂದ ಅವರ ಬದುಕನ್ನು ಸುಲಭಗೊಳಿಸಿ.” ಇಲ್ಲಿ ವ್ಯಕ್ತಿ ಸರಿಯಾದರು, ಆದರೆ ‘ಮತ್ತು’ ಎಂಬ ಪದದ ಎರಡೂ ಬದಿಗೆ ಎರಡು ಜಾಹೀರಾತುಗಳಿವೆ. ಮೊದಲರ್ಧವನ್ನು ಇನ್ನೂ ಒಪ್ಪಿಕೊಳ್ಳದವರಿಗೆ ಸಾಧನದ ಬ್ಯಾಟರಿಯ ಬಗ್ಗೆ ಹೇಳುವುದರಿಂದ ಪ್ರಯೋಜನವಿಲ್ಲ.

ಮೂರನೆಯದು: “ಅವರು ಮತ್ತೆ ಮತ್ತೆ ‘ಏನು?’ ಎಂದು ಕೇಳುವುದು ಅಸಡ್ಡೆಯಿಂದಲ್ಲ. ನಿಮ್ಮ ಮಾತಿನ ಕೆಲವು ಅಕ್ಷರಗಳು ಅವರಿಗೆ ಕೇಳಿಸದೆ ಇರಬಹುದು.” ಇದು ಜಾಹೀರಾತಿನ ಸಾಲಲ್ಲ, ಆಗಬೇಕಾಗಿಯೂ ಇಲ್ಲ. ಕಾಪಿರೈಟರ್ ಇದಕ್ಕಿಂತ ಚೆನ್ನಾಗಿ ಹೇಳಲು ಅವಕಾಶವಿರುವಷ್ಟು ಸಪ್ಪೆಯಾಗಿಯೇ ಬ್ರೀಫಿನ ಸಂದೇಶ ಇರಬೇಕು. ಬ್ರೀಫ್ ಬರೆಯುವವರು ತಾವೇ ಸ್ಲೋಗನ್ ಬರೆದುಬಿಟ್ಟರೆ ತಂಡ ಅದನ್ನು ಅಲಂಕರಿಸುವುದರಲ್ಲಿ ತೊಡಗುತ್ತದೆ ಅಥವಾ ಅದರಿಂದ ತಪ್ಪಿಸಿಕೊಳ್ಳುವುದರಲ್ಲಿ.

ಈ ಸಂದೇಶಕ್ಕೆ ಆಧಾರವೂ ಇದೆ, ಅದನ್ನು ಬ್ರೀಫಿನಲ್ಲಿ ಬರೆಯಲೇಬೇಕು. ವಯಸ್ಸಿನ ಜೊತೆ ಬರುವ ಶ್ರವಣದೋಷದಲ್ಲಿ ಸಾಮಾನ್ಯವಾಗಿ ಮೊದಲು ಕುಗ್ಗುವುದು ಎತ್ತರದ ಕಂಪನಾಂಕದ ಧ್ವನಿಗಳನ್ನು ಕೇಳುವ ಶಕ್ತಿ. ಸ್ವರಗಳ ಬಲ ಹೆಚ್ಚಾಗಿ ಕೆಳಗಿನ ಕಂಪನಾಂಕಗಳಲ್ಲಿರುತ್ತದೆ. ‘ಸ’, ‘ಶ’ದಂಥ ವ್ಯಂಜನಗಳದು ಮೇಲಿನವುಗಳಲ್ಲಿ. ಹಾಗಾಗಿ ಯಾರೋ ಮಾತನಾಡುತ್ತಿದ್ದಾರೆ ಎಂಬುದು ಕೇಳಿಸುತ್ತದೆ, ಏನು ಹೇಳಿದರು ಎಂಬುದು ಬಿಡಿಸಿ ತಿಳಿಯುವುದಿಲ್ಲ. “ನನಗೆ ಕಿವಿ ಕೇಳಿಸುತ್ತದೆ, ಇವರೇ ಸರಿಯಾಗಿ ಮಾತಾಡುವುದಿಲ್ಲ” ಎಂಬ ಹಿರಿಯರ ಮಾತು ಹಟದ್ದಲ್ಲ. ಅವರ ಅನುಭವದ ನಿಖರವಾದ ವರ್ಣನೆ. ಕ್ರಿಯೇಟಿವ್ ತಂಡಕ್ಕೆ ಈ ಒಂದು ಸಂಗತಿಯನ್ನು ಕೊಟ್ಟರೆ ಅವರು ಅರ್ಧ ದಿನದಲ್ಲಿ ಹತ್ತು ದೃಶ್ಯಗಳನ್ನು ಬರೆಯಬಲ್ಲರು. ‘ಭಾವುಕವಾಗಿರಬೇಕು’ ಎಂಬ ಸೂಚನೆಯಿಂದ ಒಂದನ್ನೂ ಬರೆಯುವುದು ಕಷ್ಟ.

ಬಿಟ್ಟ ಗುಣಗಳು ಎಲ್ಲಿಗೆ ಹೋಗುತ್ತವೆ? ಕ್ಲೈಂಟ್ ಒಪ್ಪುತ್ತಾರೆಯೇ?

ಕತ್ತರಿಸಿ ಎಸೆದರೆ ಒಪ್ಪುವುದಿಲ್ಲ. ಅವುಗಳಿಗೆ ಸರಿಯಾದ ಜಾಗ ತೋರಿಸಿದರೆ ಬಹುಮಟ್ಟಿಗೆ ಒಪ್ಪುತ್ತಾರೆ. ಸಾಧನ ಚಿಕ್ಕದು, ರೀಚಾರ್ಜ್ ಆಗುತ್ತದೆ, ಫೋನಿಗೆ ಜೋಡಿಸಬಹುದು ಎಂಬವು ಪರೀಕ್ಷೆ ಮುಗಿದು ಯಾವ ಸಾಧನ ತೆಗೆದುಕೊಳ್ಳಬೇಕೆಂದು ಯೋಚಿಸುವ ಹೊತ್ತಿನಲ್ಲಿ ನಿಜವಾಗಿಯೂ ಮುಖ್ಯವಾಗುತ್ತವೆ. ಆದ್ದರಿಂದ ಅವು ಕೇಂದ್ರದಲ್ಲಿ ಕೊಡುವ ಕೈಪಿಡಿಗೆ ಮತ್ತು ಆಡಿಯಾಲಜಿಸ್ಟ್ ಆಡುವ ಮಾತಿಗೆ ಸೇರಬೇಕು. ಬ್ರೀಫಿನ ಜೊತೆ ‘ಈ ಕೆಲಸದಲ್ಲಿ ಬರದಿರುವವು ಮತ್ತು ಅವು ಬರುವ ಜಾಗ’ ಎಂದು ಒಂದು ಬೇರೆ ಹಾಳೆಯನ್ನು ಲಗತ್ತಿಸುವುದು ಒಳ್ಳೆಯದು. ತಮ್ಮ ಮಾತು ಕಳೆದುಹೋಗಿಲ್ಲ ಎಂದು ಬರೆದವರಿಗೆ ಕಾಣಿಸಬೇಕು. ಅದು ಅವರಿಗೆ ಸಲ್ಲಬೇಕಾದ ಗೌರವವೂ ಹೌದು.

‘ಗದ್ದಲದಲ್ಲೂ ಮಾತು ಸ್ಪಷ್ಟ’ ಎಂಬುದನ್ನು ಮಾತ್ರ ಪ್ರತ್ಯೇಕವಾಗಿ ನೋಡಬೇಕು. ಎದುರಿನಿಂದ ಬರುವ ಧ್ವನಿಗೆ ಆದ್ಯತೆ ಕೊಡುವ ಮೈಕ್ರೊಫೋನುಗಳು ಗದ್ದಲದಲ್ಲಿ ನೆರವಾಗುತ್ತವೆ, ಆದರೆ ಗದ್ದಲದ ಸಮಸ್ಯೆಯನ್ನು ಅವು ಪೂರ್ತಿಯಾಗಿ ನಿವಾರಿಸುವುದಿಲ್ಲ. ಅದು ಗುಣಗಳ ಪಟ್ಟಿಯಿಂದ ಹೊರಬಂದು, ಎಚ್ಚರಿಕೆಯಾಗಿ ಮಿತಿಗಳ ಜಾಗಕ್ಕೆ ಹೋಗುತ್ತದೆ.

ಮಿತಿಗಳು ಎಂದರೆ ಬಜೆಟ್ ಮತ್ತು ಗಡುವು ಮಾತ್ರವೇ?

ಅವೆರಡೂ ಅಂಕಿಯಲ್ಲಿ ಮತ್ತು ತಾರೀಕಿನಲ್ಲಿ ಇರಲೇಬೇಕು. ‘ಆದಷ್ಟು ಬೇಗ’ ಎಂಬುದನ್ನು ಪ್ರಸಾರದ ಮೊದಲ ದಿನವಾಗಿ ಬದಲಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ಸ್ಕ್ರಿಪ್ಟಿಗೆ ಒಪ್ಪಿಗೆ ಸಿಗಬೇಕಾದ ದಿನವನ್ನೂ ಬರೆಯಬೇಕು. ಆದರೆ ಕೆಲಸದ ಆಕಾರವನ್ನೇ ಬದಲಿಸುವ ಮಿತಿಗಳು ಬೇರೆ ಕಡೆ ಅಡಗಿರುತ್ತವೆ, ಅವನ್ನು ಕೆದಕಿ ತೆಗೆಯಬೇಕು.

ಮೊದಲನೆಯದಾಗಿ, ಕಂಪನಿಗೆ ನಿಭಾಯಿಸಲು ಸಾಧ್ಯವಾಗುವುದು ಎಷ್ಟು ಎಂಬುದು. ನಮ್ಮ ಉದಾಹರಣೆಯ ಕಂಪನಿಗೆ 40 ಕೇಂದ್ರಗಳಿವೆ, ಪ್ರತಿ ಕೇಂದ್ರದಲ್ಲಿ ದಿನಕ್ಕೆ 6 ಪರೀಕ್ಷೆಗಳನ್ನು ಮಾಡಬಹುದು, ತಿಂಗಳಿಗೆ 25 ಕೆಲಸದ ದಿನ ಎಂದಿಟ್ಟುಕೊಂಡರೆ ಒಟ್ಟು 6000 ಪರೀಕ್ಷೆಗಳಾದವು. ಅದರಲ್ಲಿ ಅರ್ಧದಷ್ಟು ಈಗಾಗಲೇ ತುಂಬುತ್ತಿದ್ದರೆ ಉಳಿಯುವ ಜಾಗ 3000. ‘ಎಲ್ಲರನ್ನೂ ತಲುಪಬೇಕು’ ಎಂಬ ಆಸೆ ಈ ಒಂದು ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಆಸೆ ನಿಜವಾಗಿಯೇ ಈಡೇರಿದರೆ ಬಂದವರಲ್ಲಿ ಬಹುಪಾಲು ಜನರಿಗೆ ತಿಂಗಳುಗಟ್ಟಲೆ ಕಾಯಿರಿ ಎನ್ನಬೇಕಾಗುತ್ತದೆ. ಬಹಳ ಹಿಂಜರಿದು ಹೊರಟ ಹಿರಿಯರು ಎರಡನೆಯ ಸಲ ಬರುವುದು ಅನುಮಾನ. ಈ ಲೆಕ್ಕದಿಂದಲೇ ಅಳೆಯಬಹುದಾದ ಗುರಿಯೂ ಹುಟ್ಟುತ್ತದೆ: ತಿಂಗಳಿಗೆ ಹೆಚ್ಚೆಂದರೆ 3000 ಹೊಸ ಪರೀಕ್ಷೆಗಳು.

ಎರಡನೆಯದಾಗಿ, ಹೇಳುವಂತಿಲ್ಲದ ಮಾತುಗಳು. ಸಾಧನ ಕಿವಿಯನ್ನು ಮೊದಲಿನಂತೆ ಮಾಡುತ್ತದೆ ಎಂಬ ಭಾವನೆ ಎಲ್ಲೂ ಬರಬಾರದು, ಏಕೆಂದರೆ ಅದು ಧ್ವನಿಯನ್ನು ಹೆಚ್ಚಿಸಿ ಹೊಂದಿಸಿ ಕೊಡುತ್ತದೆಯೇ ಹೊರತು ದೋಷವನ್ನು ಗುಣಪಡಿಸುವುದಿಲ್ಲ. ಮತ್ತೆ ಮತ್ತೆ ಕೇಳುವುದಕ್ಕೆ ಶ್ರವಣದೋಷವೇ ಕಾರಣ ಎಂದು ಖಚಿತವಾಗಿ ಹೇಳುವಂತಿಲ್ಲ. ‘ಇರಬಹುದು’ ಎಂಬ ಪದವನ್ನು ಚಿತ್ರದ ಅಂತಿಮ ರೂಪದವರೆಗೂ ಕಾಪಾಡಬೇಕು. ಕಾನೂನು ವಿಭಾಗದವರ ಆಕ್ಷೇಪಣೆಯನ್ನು ಚಿತ್ರೀಕರಣದ ನಂತರ ಕೇಳುವುದಕ್ಕಿಂತ ಬ್ರೀಫಿನ ಹಂತದಲ್ಲೇ ಕೇಳಿ ಬರೆದುಕೊಳ್ಳುವುದು ಎಲ್ಲರಿಗೂ ಒಳಿತು.

ಮೂರನೆಯದು ಈ ವಿಷಯಕ್ಕೇ ವಿಶೇಷವಾದದ್ದು. ಚಿತ್ರದಲ್ಲಿರುವ ಪ್ರತಿ ಮಾತೂ ಪರದೆಯ ಮೇಲೆ ಅಕ್ಷರದಲ್ಲಿ ಬರಬೇಕು. ಫೋನಿನಲ್ಲಿ ಅನೇಕರು ಸದ್ದಿಲ್ಲದೆ ನೋಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಪಕ್ಕದಲ್ಲಿ ಕುಳಿತು ನೋಡುತ್ತಿರುವ ಹಿರಿಯರಿಗೆ ಆ ಮಾತುಗಳು ಕೇಳಿಸದೆ ಹೋಗಬಹುದು. ಶ್ರವಣದ ಬಗೆಗಿನ ಜಾಹೀರಾತು ಅವರನ್ನೇ ಹೊರಗಿಡಬಾರದು. ಇದೇ ಕಾರಣಕ್ಕೆ ‘ಸ್ವಲ್ಪ ತಮಾಷೆಯೂ ಇರಬೇಕು’ ಎಂಬ ಆಸೆಗೂ ಒಂದು ಗೆರೆ ಬೇಕು: ಮಾತು ತಪ್ಪಾಗಿ ಕೇಳಿಸಿಕೊಂಡ ಹಿರಿಯರನ್ನು ನಗೆಗೆ ಗುರಿ ಮಾಡುವ ದೃಶ್ಯ ಬೇಡ. ಮೊದಲು ಹೊಳೆಯುವ ತಮಾಷೆ ಅದೇ ಆಗಿರುವುದರಿಂದ ಇದನ್ನು ಬಾಯಿಮಾತಿಗೆ ಬಿಡದೆ ಬರೆದಿಡಬೇಕು.

ಇಷ್ಟೊಂದು ಮಿತಿಗಳು ಸೃಜನಶೀಲತೆಯನ್ನು ಕಟ್ಟಿಹಾಕುವುದಿಲ್ಲವೇ?

ಕಾರಣವಿರುವ ಮಿತಿ ಕಟ್ಟಿಹಾಕುವುದಿಲ್ಲ. ‘ಹಿರಿಯರನ್ನು ನಗೆಗೆ ಗುರಿ ಮಾಡಬಾರದು’ ಎಂಬುದು ಒಂದು ಬಾಗಿಲನ್ನು ಮುಚ್ಚಿ ತಂಡವನ್ನು ಉಳಿದ ದಾರಿಗಳತ್ತ ಕಳಿಸುತ್ತದೆ. ‘ಲೋಗೊ ಮೊದಲ ಸೆಕೆಂಡಿನಿಂದ ಕೊನೆಯವರೆಗೆ ಇರಬೇಕು’, ‘ನೀಲಿ ಬಣ್ಣವೇ ಇರಬೇಕು’ ಎಂಬಂಥ ಸೂಚನೆಗಳು ಪರಿಹಾರವನ್ನೇ ಮೊದಲೇ ಬರೆದುಬಿಡುತ್ತವೆ. ಆದ್ದರಿಂದ ಪ್ರತಿ ಮಿತಿಯ ಮುಂದೆ ‘ಏಕೆಂದರೆ’ ಎಂದು ಬರೆದು ವಾಕ್ಯವನ್ನು ಪೂರ್ತಿ ಮಾಡಲು ಯತ್ನಿಸಿ. ಪೂರ್ತಿಯಾಗದಿದ್ದರೆ ಅದು ಮಿತಿಯ ವೇಷದಲ್ಲಿರುವ ಆಸೆ.

ಕ್ಲೈಂಟ್ ಉತ್ತರ ಕೊಡದಿದ್ದರೆ, ತಿದ್ದುವವರೇ ಗ್ರಾಹಕರನ್ನೂ ಸಂದೇಶವನ್ನೂ ತುಂಬಿಬಿಡಬಹುದೇ?

ಪ್ರಸ್ತಾಪಿಸಬಹುದು, ತುಂಬಿಬಿಡಬಾರದು. ತಿದ್ದುವವರ ಊಹೆ ಅಚ್ಚುಕಟ್ಟಾದ ವಾಕ್ಯವಾಗಿ ಬ್ರೀಫಿನಲ್ಲಿ ಸೇರಿದ ತಕ್ಷಣ ಅದಕ್ಕೆ ಸತ್ಯದ ಮುಖ ಬಂದುಬಿಡುತ್ತದೆ. ಎರಡು ವಾರದ ನಂತರ ಅದು ಎಲ್ಲಿಂದ ಬಂತು ಎಂದು ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಕ್ಲೈಂಟ್ ಹೇಳಿದ್ದು, ದಾಖಲೆಯಿಂದ ತಿಳಿದದ್ದು, ಏಜೆನ್ಸಿ ಊಹಿಸಿದ್ದು ಈ ಮೂರನ್ನೂ ಕರಡಿನಲ್ಲಿ ಬೇರೆ ಬೇರೆ ಗುರುತಿನಿಂದ ತೋರಿಸಬೇಕು. ಊಹೆಯ ಪಕ್ಕದಲ್ಲಿ ಅದನ್ನು ಯಾರು, ಯಾವ ದಿನದೊಳಗೆ ಖಚಿತಪಡಿಸಬೇಕು ಎಂದೂ ಬರೆಯಬೇಕು.

ಕ್ಲೈಂಟ್ ಆಯ್ಕೆ ಮಾಡಲು ಹಿಂದೇಟು ಹಾಕುತ್ತಿದ್ದರೆ ಖಾಲಿ ಜಾಗವನ್ನು ತುಂಬಿರೆಂದು ಅವರನ್ನು ಕೇಳುವುದಕ್ಕಿಂತ ಎರಡು ಪೂರ್ತಿ ಬ್ರೀಫುಗಳನ್ನು ಮುಂದಿಡುವುದು ಹೆಚ್ಚು ಫಲ ಕೊಡುತ್ತದೆ. ಒಂದು ಹಿರಿಯರಿಗೆ ಬರೆದದ್ದು, ಇನ್ನೊಂದು ಮನೆಯವರಿಗೆ ಬರೆದದ್ದು. ಪ್ರತಿಯೊಂದರ ಕೆಳಗೆ ಅದನ್ನು ಆರಿಸಿದರೆ ಏನನ್ನು ಬಿಟ್ಟುಕೊಡಬೇಕಾಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಎರಡನ್ನೂ ಓದಿದವರು “ಇದಲ್ಲ, ಅದು” ಎಂದು ಹೇಳುವುದು, “ನಿಮ್ಮ ಗ್ರಾಹಕರು ಯಾರು?” ಎಂಬ ಪ್ರಶ್ನೆಗೆ ಉತ್ತರಿಸುವುದಕ್ಕಿಂತ ಬಹಳ ಸುಲಭ.

ಈ ಕೆಲಸ ಯಾರದು? ಅಕೌಂಟ್ ಮ್ಯಾನೇಜರದೋ, ಪ್ಲಾನರದೋ?

ಪ್ಲಾನರ್ ಇರುವ ಏಜೆನ್ಸಿಗಳಲ್ಲಿ ಅವರದು. 1968ರ ಹೊತ್ತಿಗೆ ಲಂಡನ್ನಿನ ಎರಡು ಏಜೆನ್ಸಿಗಳಲ್ಲಿ ಜಾಹೀರಾತು ರಂಗದ ಸ್ಟೀಫನ್ ಕಿಂಗ್ ಮತ್ತು ಸ್ಟ್ಯಾನ್ಲಿ ಪಾಲಿಟ್ ಬೇರೆ ಬೇರೆಯಾಗಿ ಅಕೌಂಟ್ ಪ್ಲಾನಿಂಗ್ ಎಂಬ ವಿಭಾಗವನ್ನು ರೂಪಿಸಿದ್ದರ ಹಿಂದೆ ಇದೇ ಕಾಳಜಿಯಿತ್ತು: ಜಾಹೀರಾತು ರೂಪುಗೊಳ್ಳುವ ಜಾಗದಲ್ಲಿ ಗ್ರಾಹಕರ ಪರವಾಗಿ ಮಾತನಾಡುವ ಒಬ್ಬರು ಇರಬೇಕು. ಪ್ಲಾನರ್ ಇಲ್ಲದ ಚಿಕ್ಕ ಏಜೆನ್ಸಿಗಳಲ್ಲಿ ಕ್ಲೈಂಟಿನೊಂದಿಗಿನ ವ್ಯವಹಾರ ನೋಡಿಕೊಳ್ಳುವ ಅಕೌಂಟ್ ಮ್ಯಾನೇಜರ್ ಕರಡು ತಿದ್ದಿ, ಅದರ ಮೇಲೆ ಕೆಲಸ ಮಾಡಬೇಕಾದ ಕಾಪಿರೈಟರಿಗೆ ಒಮ್ಮೆ ಓದಿಸಿದರೆ ಸಾಕು.

ತಿದ್ದಿದ ಬ್ರೀಫ್ ಕೊನೆಗೆ ಹೇಗೆ ಕಾಣುತ್ತದೆ?

ಒಂದು ಪುಟದೊಳಗೆ ಮುಗಿಯುತ್ತದೆ. ನಮ್ಮ ಉದಾಹರಣೆಯದು ಸ್ಥೂಲವಾಗಿ ಹೀಗಿರುತ್ತದೆ.

ಮಾಡಬೇಕಾದ ಕೆಲಸ: ಮನೆಯವರು ತಮ್ಮ ಹಿರಿಯರಿಗೆ ಶ್ರವಣ ಪರೀಕ್ಷೆಯ ದಿನ ಗೊತ್ತುಮಾಡುವಂತೆ ಮಾಡುವುದು, ತಿಂಗಳಿಗೆ 3000 ಹೊಸ ಪರೀಕ್ಷೆಗಳವರೆಗೆ.

ಯಾರಿಗೆ: 60 ದಾಟಿದ ತಂದೆ, ತಾಯಿ ಅಥವಾ ಸಂಗಾತಿಯೊಂದಿಗೆ ದಿನವೂ ಮಾತನಾಡುವವರು, ಹೇಳಿದ್ದನ್ನು ಪುನಃ ಹೇಳಿ ದಣಿದಿದ್ದಾರೆ, ಅದನ್ನು ಅಸಡ್ಡೆ ಅಥವಾ ಮರೆವು ಎಂದುಕೊಂಡಿದ್ದಾರೆ.

ಹೇಳಬೇಕಾದ ಒಂದು ಮಾತು: ಅದು ಅಸಡ್ಡೆಯಲ್ಲ, ನಿಮ್ಮ ಮಾತಿನ ಕೆಲವು ಅಕ್ಷರಗಳು ಅವರಿಗೆ ಕೇಳಿಸದೆ ಇರಬಹುದು.

ನಂಬುವುದಕ್ಕೆ ಆಧಾರ: ವಯಸ್ಸಿನ ಶ್ರವಣದೋಷದಲ್ಲಿ ಧ್ವನಿ ಕೇಳಿಸಿದರೂ ಕೆಲವು ವ್ಯಂಜನಗಳು ತಪ್ಪಿಹೋಗಬಹುದು.

ಮಿತಿಗಳು: ಬಜೆಟ್ಟಿನ ಅಂಕಿ, ಪ್ರಸಾರದ ಮತ್ತು ಸ್ಕ್ರಿಪ್ಟ್ ಒಪ್ಪಿಗೆಯ ತಾರೀಕುಗಳು, 20 ಸೆಕೆಂಡಿನ ಚಿತ್ರ, ಪ್ರತಿ ಮಾತೂ ಪರದೆಯ ಮೇಲೆ ಅಕ್ಷರದಲ್ಲಿ, ಗುಣವಾಗುತ್ತದೆ ಎಂಬ ಸೂಚನೆ ಬೇಡ, ಗದ್ದಲದಲ್ಲಿ ಸ್ಪಷ್ಟ ಎಂಬ ಭರವಸೆ ಬೇಡ, ಹಿರಿಯರು ನಗೆಗೆ ಗುರಿಯಾಗಬಾರದು, ಕೊನೆಯ 4 ಸೆಕೆಂಡು ಪರೀಕ್ಷೆಗೆ ಕರೆ ಮಾಡುವ ಸಂಖ್ಯೆಗೆ.

ಇನ್ನೂ ಖಚಿತವಾಗಬೇಕಾದದ್ದು: ಮನೆಯವರು ಕರೆತರುವ ಪ್ರಮಾಣ ಎಲ್ಲ ಕೇಂದ್ರಗಳಲ್ಲೂ ಹೆಚ್ಚಿದೆಯೇ ಎಂಬುದು ಏಜೆನ್ಸಿಯ ಊಹೆ; ಕೇಂದ್ರಗಳ ನೋಂದಣಿ ಪುಸ್ತಕ ನೋಡಿ ಕ್ಲೈಂಟ್ ತಿಳಿಸಬೇಕು.

ಮೂಲದಲ್ಲಿದ್ದ ‘ಪ್ರೀಮಿಯಂ’, ‘ಭಾವುಕ’ ಎಂಬ ಪದಗಳು ಇಲ್ಲಿಲ್ಲ. ಯಾರೊಂದಿಗೆ ಯಾವ ವಿಷಯ ಮಾತನಾಡುತ್ತಿದ್ದೇವೆ ಎಂಬುದು ಖಚಿತವಾದಾಗ ಧಾಟಿಯ ಬಹುಪಾಲು ತಾನಾಗಿ ನಿರ್ಧಾರವಾಗುತ್ತದೆ ಎಂಬುದು ನನ್ನ ನಂಬಿಕೆ.

ತಿದ್ದಿದ್ದು ಸಾಕಾಗಿದೆಯೇ ಎಂದು ತಂಡಕ್ಕೆ ಕೊಡುವ ಮುನ್ನ ತಿಳಿಯುವುದು ಹೇಗೆ?

ಸಹೋದ್ಯೋಗಿಗಳಲ್ಲಿ ಇಬ್ಬರಿಗೆ ಬ್ರೀಫನ್ನು ಓದಲು ಕೊಟ್ಟು, ಹಾಳೆಯನ್ನು ಹಿಂದಕ್ಕೆ ಪಡೆದು, ಯಾರಿಗೆ ಏನು ಹೇಳಬೇಕಂತೆ ಎಂದು ಪ್ರತ್ಯೇಕವಾಗಿ ಬರೆಯಲು ಹೇಳಿ. ಇಬ್ಬರ ಉತ್ತರದಲ್ಲೂ ಒಂದೇ ವ್ಯಕ್ತಿ, ಒಂದೇ ಮಾತು ಬಂದಿದ್ದರೆ ಸಾಕು. ಒಬ್ಬರು “ಹಿರಿಯರಿಗೆ, ಪರೀಕ್ಷೆ ಮಾಡಿಸಿಕೊಳ್ಳಿ ಎಂದು” ಬರೆದಿದ್ದರೆ ‘ಯಾರಿಗೆ’ ಎಂಬ ಭಾಗ ಇನ್ನೂ ಮಸುಕಾಗಿದೆ. ಇದರ ಜೊತೆಗೆ, ಬ್ರೀಫನ್ನು ಮುಂದಿಟ್ಟುಕೊಂಡು ಸ್ಪಷ್ಟವಾಗಿ ತಪ್ಪಾದ ಒಂದು ಐಡಿಯಾವನ್ನು ಹೇಳಿ ನೋಡಬೇಕು: ಗದ್ದಲದ ಕೂಟವೊಂದರಲ್ಲಿ ಯುವಕನೊಬ್ಬ ಫೋನಿಗೆ ಸಾಧನ ಜೋಡಿಸಿ ಸಂಗೀತ ಕೇಳುತ್ತಾನೆ ಎನ್ನೋಣ. ಮೂಲ ಬ್ರೀಫಿನ ಆಧಾರದಲ್ಲಿ ಇದನ್ನು ತಿರಸ್ಕರಿಸಲು ಕಾರಣವೇ ಸಿಗುವುದಿಲ್ಲ. ತಿದ್ದಿದ ಬ್ರೀಫ್ ಇದನ್ನು ಯಾವ ಸಾಲಿನಿಂದ ತಿರಸ್ಕರಿಸುತ್ತದೆ ಎಂದು ಬೆರಳಿಟ್ಟು ತೋರಿಸುವಂತಿರಬೇಕು.

ಒಪ್ಪಿಗೆ ಸಿಕ್ಕ ಮೇಲೆ ಹೊಸ ಆಸೆಯೊಂದು ಬಂದರೆ ಏನು ಮಾಡಬೇಕು?

ಬರುತ್ತದೆ ಎಂದು ಮೊದಲೇ ಭಾವಿಸಿ, ಒಪ್ಪಿಗೆಯ ದಿನವೇ ಬ್ರೀಫಿಗೆ ಆವೃತ್ತಿ ಸಂಖ್ಯೆ, ತಾರೀಕು ಮತ್ತು ಒಪ್ಪಿದವರ ಹೆಸರನ್ನು ಹಾಕಿಡಬೇಕು. ಸ್ಕ್ರಿಪ್ಟ್ ನೋಡಿದ ನಂತರ “ಕೊನೆಯಲ್ಲಿ ಫೋನಿಗೆ ಜೋಡಿಸುವುದನ್ನೂ ಒಂದು ಸಲ ತೋರಿಸಿಬಿಡಿ” ಎಂಬ ಮಾತು ಬಂದರೆ ಅದನ್ನು ಸ್ಕ್ರಿಪ್ಟಿನ ತಿದ್ದುಪಡಿಯಾಗಿ ಸ್ವೀಕರಿಸದೆ, ಬ್ರೀಫಿನ ತಿದ್ದುಪಡಿಯಾಗಿ ಮುಂದಿಡಬೇಕು. ಕೊನೆಯ 4 ಸೆಕೆಂಡು ಕರೆ ಮಾಡುವ ಸಂಖ್ಯೆಗೆ ಮೀಸಲಾಗಿದೆ. ಆ ಜಾಗದಲ್ಲಿ ಫೋನಿನ ಸೌಲಭ್ಯ ಬಂದರೆ ಸಂಖ್ಯೆಯನ್ನು ಓದಲು ಸಮಯ ಸಾಲುವುದಿಲ್ಲ, ಪರೀಕ್ಷೆಗಳ ಗುರಿಯನ್ನು ಅದಕ್ಕೆ ತಕ್ಕಂತೆ ಇಳಿಸಬೇಕಾಗುತ್ತದೆ. ಇದನ್ನು ಹಾಗೆಯೇ ಬರೆದು ಕಳಿಸಿ, ಯಾವುದನ್ನು ಉಳಿಸಿಕೊಳ್ಳುತ್ತೀರಿ ಎಂದು ಬ್ರೀಫಿಗೆ ಸಹಿ ಹಾಕಿದವರನ್ನೇ ಕೇಳಬೇಕು. ಅವರು ಸೌಲಭ್ಯವನ್ನೇ ಆರಿಸಿದರೆ ಎರಡನೆಯ ಆವೃತ್ತಿ ಸಿದ್ಧಪಡಿಸಿ, ಹೊಸ ಗುರಿಯೊಂದಿಗೆ ಮತ್ತೆ ಸಹಿ ಪಡೆದು, ಹಳೆಯ ಆವೃತ್ತಿಯನ್ನು ತಂಡದ ಫೋಲ್ಡರಿನಿಂದ ತೆಗೆದಿಡಬೇಕು. ಎರಡೂ ಜೊತೆಗಿದ್ದರೆ ತಂಡದಲ್ಲಿ ಯಾರಾದರೂ ಹಳೆಯದನ್ನು ಹಿಡಿದೇ ಕೆಲಸ ಮುಂದುವರಿಸಿರುತ್ತಾರೆ.